ಬ್ಯಾಂಡ್‌ಗ್ಯಾಪ್ ರೆಫರೆನ್ಸ್: 27 ಡಿಗ್ರಿಯಲ್ಲಿ 1.300 ವೋಲ್ಟ್, ಬಿಸಿಯಾದಂತೆ ಏರುತ್ತಲೇ ಹೋಗುತ್ತಿದೆ. ಯಾವುದನ್ನು ತಿದ್ದಬೇಕು?

ತುಂಗಾತೀರ

180 ನ್ಯಾನೋಮೀಟರ್ ಸಿಮಾಸ್‌ನಲ್ಲಿ ಒಂದು ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಮಾಡುತ್ತಿದ್ದೇನೆ. Q1 ಒಂದು ಪಿಎನ್‌ಪಿ, Q2 ಅದೇ ಅಳತೆಯ ಎಂಟು ಪಿಎನ್‌ಪಿ ಒಟ್ಟಿಗೆ. Q2 ಎಮಿಟರ್‌ಗೆ ಸರಣಿಯಲ್ಲಿ R1, 5.4 ಕಿಲೋಓಂ. ಔಟ್‌ಪುಟ್‌ನಿಂದ ಎರಡೂ ಕಡೆಗೆ ಒಂದೊಂದು R2, 60.3 ಕಿಲೋಓಂ. ಆಪ್ ಆಂಪ್ ಸದ್ಯಕ್ಕೆ ಐಡಿಯಲ್. ರೆಸಿಸ್ಟರ್‌ಗಳಿಗೂ ಇನ್ನೂ ಟೆಂಪರೇಚರ್ ಕೋಎಫಿಶಿಯೆಂಟ್ ಹಾಕಿಲ್ಲ.

ಲೆಕ್ಕ ಹೀಗೆ ಮಾಡಿದೆ. ವಿಬಿಇ ಪ್ರತಿ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುತ್ತದೆ ಎಂದು ಎಲ್ಲ ಕಡೆ ಬರೆದಿದ್ದಾರೆ. ಎಂಟರ ಅನುಪಾತಕ್ಕೆ ಎರಡು ವಿಬಿಇಗಳ ವ್ಯತ್ಯಾಸ ಪ್ರತಿ ಡಿಗ್ರಿಗೆ 0.179 ಮಿಲಿವೋಲ್ಟ್ ಏರುತ್ತದೆ. ಎರಡನ್ನೂ ಸರಿದೂಗಿಸಲು 11.16 ಪಟ್ಟು ಬೇಕು, ಅದಕ್ಕೇ R2 60.3.

ಬಂದ ಫಲಿತಾಂಶ: ಮೈನಸ್ 40ರಲ್ಲಿ 1.280, 27ರಲ್ಲಿ 1.300, 125ರಲ್ಲಿ 1.323 ವೋಲ್ಟ್. ಒಟ್ಟು 43 ಮಿಲಿವೋಲ್ಟ್ ಓಡಾಟ. ಸಪಾಟಾಗಬೇಕಿದ್ದ ಗೆರೆ ಯಾಕೆ ಏರುತ್ತಿದೆ?

ಓಂನಿಯಮ

ರೆಸಿಸ್ಟರ್ ನೋಡಿ. ಬಿಸಿಗೆ ರೆಸಿಸ್ಟರ್ ಬದಲಾದರೆ ಕರೆಂಟ್ ಬದಲಾಗುತ್ತದೆ, ಕರೆಂಟ್ ಬದಲಾದರೆ ಔಟ್‌ಪುಟ್ ಬದಲಾಗುತ್ತದೆ. ಟೆಂಪರೇಚರ್ ಕೋಎಫಿಶಿಯೆಂಟ್ ಕಡಿಮೆ ಇರುವ ಪಾಲಿ ರೆಸಿಸ್ಟರ್ ಹಾಕಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ಬ್ಯಾಂಡ್‌ಗ್ಯಾಪ್ ಡ್ರಿಫ್ಟ್ ಎಂದರೆ ಹೆಚ್ಚಾಗಿ ರೆಸಿಸ್ಟರ್ ಡ್ರಿಫ್ಟ್.

ಸುಬ್ಬಣ್ಣ_ಅನಲಾಗ್

ಓಂನಿಯಮ ಅವರೇ, ಅವರ ಸಿಮ್ಯುಲೇಶನ್‌ನಲ್ಲಿ ರೆಸಿಸ್ಟರ್ ಬಿಸಿಗೆ ಬದಲಾಗುವುದೇ ಇಲ್ಲ. ಹಾಗಿದ್ದೂ 43 ಮಿಲಿವೋಲ್ಟ್ ಓಡಿದೆ. ಕಾರಣ ಬೇರೆ ಕಡೆ ಇದೆ, ಅದು 27 ಡಿಗ್ರಿಯ ಸಂಖ್ಯೆಯಲ್ಲೇ ಕಾಣುತ್ತಿದೆ.

ತುಂಗಾತೀರ, ನಿಮ್ಮ Q1ರ ವಿಬಿಇ 27 ಡಿಗ್ರಿಯಲ್ಲಿ ಎಷ್ಟಿದೆ ನೋಡಿ. R1ರಲ್ಲಿ 53.8 ಮಿಲಿವೋಲ್ಟ್ ಬೀಳುತ್ತಿದೆ, ಅಂದರೆ ಕರೆಂಟ್ ಸುಮಾರು 10 ಮೈಕ್ರೊಆಂಪ್. ಔಟ್‌ಪುಟ್ 1.300, ಅದರಲ್ಲಿ ಪಿಟ್ಯಾಟ್ ಭಾಗ 11.16 ಗುಣಿಸು 53.8, ಅಂದರೆ 0.600. ಉಳಿದದ್ದು 0.70 ವೋಲ್ಟ್ ವಿಬಿಇ. 0.70 ವೋಲ್ಟ್ ಇರುವ ಜಂಕ್ಷನ್ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುವುದಿಲ್ಲ.

ವಿಬಿಇಯನ್ನು ತಾಪಮಾನದ ಎದುರು ಬಿಡಿಸಿ, ಆ ಗೆರೆಯನ್ನು ಸೊನ್ನೆ ಕೆಲ್ವಿನ್‌ವರೆಗೆ ನೇರವಾಗಿ ಎಳೆಯಿರಿ. ಕರೆಂಟ್ ಎಷ್ಟೇ ಇರಲಿ, ಟ್ರಾನ್ಸಿಸ್ಟರ್ ಎಷ್ಟೇ ದೊಡ್ಡದಿರಲಿ, ಗೆರೆಗಳೆಲ್ಲ ಸುಮಾರು 1.22 ವೋಲ್ಟ್‌ನಲ್ಲೇ ಹೋಗಿ ಸೇರುತ್ತವೆ. ಅದು ಸಿಲಿಕಾನ್‌ನ ಗುಣ, ನಿಮ್ಮ ಸರ್ಕ್ಯೂಟ್‌ನದ್ದಲ್ಲ. ಆದ್ದರಿಂದ ಇಳಿಜಾರು ಎಷ್ಟು ಎಂಬುದನ್ನು 27 ಡಿಗ್ರಿಯ ವಿಬಿಇಯೇ ನಿರ್ಧರಿಸುತ್ತದೆ:

```
dVBE/dT ≈ -(1.22 - VBE) / 300
VBE = 0.62 V  ->  -2.00 mV/K
VBE = 0.70 V  ->  -1.73 mV/K
```

ಪುಸ್ತಕದ 2 ಮಿಲಿವೋಲ್ಟ್ ಸುಳ್ಳಲ್ಲ, ಆದರೆ ಅದು 0.62 ವೋಲ್ಟ್ ಆಸುಪಾಸಿನ ಜಂಕ್ಷನ್‌ನ ಮಾತು. ನಿಮ್ಮದು ಚಿಕ್ಕ ಪಿಎನ್‌ಪಿ, ಅದರಲ್ಲಿ 10 ಮೈಕ್ರೊಆಂಪ್ ಹರಿಯುತ್ತಿದೆ, ವಿಬಿಇ ಹೆಚ್ಚು, ಇಳಿಜಾರು ಕಡಿಮೆ. ಇಳಿಯುವ ಭಾಗ 1.73, ಏರುವ ಭಾಗ 2.00. ಉಳಿಕೆ 0.27 ಮಿಲಿವೋಲ್ಟ್ ಏರಿಕೆ, 165 ಡಿಗ್ರಿಗೆ 44. ನೀವು ಕಂಡದ್ದು 43.

ಇನ್ನೊಂದು ಬದಿಯಿಂದ ನೋಡಿದರೆ ಇನ್ನೂ ಸುಲಭ. ವಿಬಿಇಗಳ ವ್ಯತ್ಯಾಸ ಸೊನ್ನೆ ಕೆಲ್ವಿನ್‌ನಲ್ಲಿ ಸೊನ್ನೆ. ಅದನ್ನು ಎಷ್ಟೇ ಪಟ್ಟು ಮಾಡಿ ಕೂಡಿಸಿದರೂ ಮೊತ್ತದ ಗೆರೆ ಸೊನ್ನೆ ಕೆಲ್ವಿನ್‌ನಲ್ಲಿ 1.22ರಿಂದಲೇ ಹೊರಡಬೇಕು. ಗೆರೆ ಸಪಾಟಾಗಿರಬೇಕಾದರೆ 300 ಕೆಲ್ವಿನ್‌ನಲ್ಲೂ ಅದು 1.22ರಲ್ಲೇ ಇರಬೇಕು. ನಿಮ್ಮದು 1.300ರಲ್ಲಿದೆ. 80 ಮಿಲಿವೋಲ್ಟ್ ಜಾಸ್ತಿ, 300 ಕೆಲ್ವಿನ್‌ಗೆ ಹಂಚಿದರೆ 0.267. ಒಂದೇ ತಾಪಮಾನದಲ್ಲಿ ವೋಲ್ಟೇಜ್ ಅಳೆದು ಇಳಿಜಾರು ಹೇಳಬಹುದು. ಬಾಬ್ ವಿಡ್ಲರ್ 1971ರಲ್ಲಿ ಈ ಬಗೆಯ ರೆಫರೆನ್ಸ್ ಪ್ರಕಟಿಸಿದಾಗಿನಿಂದ ಟ್ರಿಮ್ ಮಾಡುವವರೆಲ್ಲ ನಂಬಿಕೊಂಡಿರುವುದು ಇದನ್ನೇ.

ಈಗ ಬೇಕಾದ ಗುಣಕ 1.733 ಭಾಗಿಸು 0.1792, ಅಂದರೆ 9.67. R2 52.2 ಕಿಲೋಓಂ ಮಾಡಿ ಓಡಿಸಿ. R1 ಮುಟ್ಟಬೇಡಿ, ಮುಟ್ಟಿದರೆ ಕರೆಂಟ್ ಬದಲಾಗಿ ವಿಬಿಇಯೂ ಸರಿದು ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಒಂದು ಎಚ್ಚರಿಕೆ: 1.22 ಎಂಬುದು ಎಲ್ಲ ಪ್ರೋಸೆಸ್‌ಗೂ ನಿಖರ ಸಂಖ್ಯೆ ಅಲ್ಲ, ಕೆಲವು ಹತ್ತು ಮಿಲಿವೋಲ್ಟ್ ಆಚೀಚೆ ಇರುತ್ತದೆ. ನಿಮ್ಮ ಮಾಡೆಲ್‌ನ ಸಂಖ್ಯೆ ಬೇಕಿದ್ದರೆ ವಿಬಿಇಯ ಇಳಿಜಾರನ್ನೇ ಅಳೆಯಿರಿ. Q1ರ ಎಮಿಟರ್ ನೋಡ್‌ಗೆ `va` ಎಂದು ಹೆಸರಿಟ್ಟಿದ್ದರೆ ಎನ್‌ಜಿಸ್ಪೈಸ್‌ನಲ್ಲಿ ಇಷ್ಟು ಸಾಕು:

```
.control
dc temp -40 125 1
plot v(vref)
plot deriv(v(va))
.endc
```

ಓಂನಿಯಮ

ಸರಿ, ಇಲ್ಲಿ ರೆಸಿಸ್ಟರ್ ಕಾರಣ ಅಲ್ಲ ಎಂದು ಒಪ್ಪಿದೆ. ಆದರೆ ನಿಜವಾದ ಚಿಪ್‌ನಲ್ಲಿ ರೆಸಿಸ್ಟರ್ ಬದಲಾಗಿಯೇ ಆಗುತ್ತದಲ್ಲ. ಆಗ ಪರಿಣಾಮ ಇಲ್ಲವೇ?

ಸುಬ್ಬಣ್ಣ_ಅನಲಾಗ್

ಇದೆ, ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ. ಪಿಟ್ಯಾಟ್ ಭಾಗದಲ್ಲಿ ಇರುವುದು R2 ಮತ್ತು R1ರ ಅನುಪಾತ ಮಾತ್ರ. ಎರಡೂ ಒಂದೇ ಜಾತಿಯ ರೆಸಿಸ್ಟರ್ ಆದರೆ ಇಬ್ಬರೂ ಒಟ್ಟಿಗೆ ಏರುತ್ತಾರೆ, ಅನುಪಾತ ಅಲುಗುವುದಿಲ್ಲ. ಉಳಿಯುವುದು ಕರೆಂಟ್ ಬದಲಾವಣೆ, ಅದು ವಿಬಿಇಗೆ ಲಾಗರಿದಮ್ ಮೂಲಕ ಮುಟ್ಟುತ್ತದೆ. ರೆಸಿಸ್ಟರ್ ಡಿಗ್ರಿಗೆ 1000 ಪಿಪಿಎಂ ಏರಿದರೆ ವಿಬಿಇಯ ಇಳಿಜಾರು 26 ಮೈಕ್ರೊವೋಲ್ಟ್ ಹೆಚ್ಚುತ್ತದೆ ಅಷ್ಟೇ. ಇಡೀ ವ್ಯಾಪ್ತಿಗೆ 4 ಮಿಲಿವೋಲ್ಟ್. ಗುಣಕವನ್ನು 0.14ರಷ್ಟು ಏರಿಸಿದರೆ ಅದೂ ಹೋಗುತ್ತದೆ.

ಅಪಾಯ ಇರುವುದು ಜಾಗ ಉಳಿಸಲು R1ಗೆ ಒಂದು ಜಾತಿ, R2ಗೆ ಇನ್ನೊಂದು ಜಾತಿ ಹಾಕಿದಾಗ. ಎರಡರ ನಡುವೆ 1000 ಪಿಪಿಎಂ ವ್ಯತ್ಯಾಸ ಇದ್ದರೆ ಅನುಪಾತವೇ ಓಡುತ್ತದೆ. ಪಿಟ್ಯಾಟ್ ಭಾಗ 0.52 ವೋಲ್ಟ್, ಅದರ 1000 ಪಿಪಿಎಂ ಅಂದರೆ ಡಿಗ್ರಿಗೆ 0.52 ಮಿಲಿವೋಲ್ಟ್, 165 ಡಿಗ್ರಿಗೆ 86 ಮಿಲಿವೋಲ್ಟ್. ಈಗಿನ ತಪ್ಪಿಗಿಂತ ಎರಡು ಪಟ್ಟು. ಆದ್ದರಿಂದ ಒಂದೇ ಜಾತಿ, ಒಂದೇ ಅಗಲ, ಒಂದೇ ದಿಕ್ಕಿನ ತುಂಡುಗಳನ್ನು ಜೋಡಿಸಿಯೇ R1 ಮತ್ತು R2 ಎರಡನ್ನೂ ಕಟ್ಟಿ.

ಹೊಲದ_ಸೆನ್ಸರ್

ನನ್ನದೂ ಇದೇ ಸಮಸ್ಯೆ ಇರಬಹುದು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮಣ್ಣಿನ ತೇವ ಅಳೆಯುವ ಪೆಟ್ಟಿಗೆಯಲ್ಲಿ ಒಂದು ಮೈಕ್ರೊಕಂಟ್ರೋಲರ್ ಇದೆ, ಅದರ ಒಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿ ಬ್ಯಾಟರಿ ವೋಲ್ಟೇಜ್ ಓದುತ್ತೇನೆ. ಮಧ್ಯಾಹ್ನ ಪೆಟ್ಟಿಗೆ ಕಾದಾಗ ಬ್ಯಾಟರಿ ಜಾಸ್ತಿ ತೋರಿಸುತ್ತದೆ, ರಾತ್ರಿ ಕಡಿಮೆ. 1.1 ಎಂಬುದು 1.22ಕ್ಕಿಂತ ಕಡಿಮೆ ಇದೆಯಲ್ಲ, ಹಾಗಾದರೆ ಸುಬ್ಬಣ್ಣ ಸರ್ ಹೇಳಿದಂತೆ 120 ಮಿಲಿವೋಲ್ಟ್ ಭಾಗಿಸು 300, ಡಿಗ್ರಿಗೆ 0.4 ಮಿಲಿವೋಲ್ಟ್ ಇಳಿಕೆ ಇದೆ ಎಂದು ತೆಗೆದುಕೊಳ್ಳಲೇ?

ಸುಬ್ಬಣ್ಣ_ಅನಲಾಗ್

ಬೇಡ. ಆ ಲೆಕ್ಕ ನೇರವಾಗಿ ವಿಬಿಇಗೆ ಪಿಟ್ಯಾಟ್ ಕೂಡಿಸಿದ ನೋಡ್‌ಗೆ ಮಾತ್ರ. 1.1 ವೋಲ್ಟ್ ಕೊಡುವ ಚಿಪ್ ಎರಡು ಭಾಗಗಳನ್ನು ಕರೆಂಟ್ ಮಾಡಿ ಕೂಡಿಸಿ, ಆಮೇಲೆ ಒಂದು ರೆಸಿಸ್ಟರ್‌ನಲ್ಲಿ ಬೇಕಾದ ವೋಲ್ಟೇಜ್‌ಗೆ ಇಳಿಸಿರಬಹುದು, ಅಥವಾ 1.22 ಮಾಡಿ ಆಮೇಲೆ ಭಾಗಿಸಿರಬಹುದು. ಎರಡರಲ್ಲೂ ಸಪಾಟಾಗಿರುವ ವೋಲ್ಟೇಜ್ 1.22 ಆಗಿರಬೇಕಿಲ್ಲ. ಹೊರಗಿನಿಂದ ಅದರ ಇಳಿಜಾರು ಊಹಿಸಲಾಗದು.

ಬ್ರೆಡ್‌ಬೋರ್ಡ್_ಭಟ್

ಹೊಲದ_ಸೆನ್ಸರ್, ನಿಮಗೆ ಚಿಪ್ ಒಳಗೆ ಕೈ ಹಾಕಲಾಗದು, ಆದ್ದರಿಂದ ಸಾಫ್ಟ್‌ವೇರ್‌ನಲ್ಲಿ ತಿದ್ದಿ. ಹೊರಗೆ ತಣ್ಣಗಿನ ಜಾಗದಲ್ಲಿ ಒಂದು ಒಳ್ಳೆಯ ರೆಫರೆನ್ಸ್ ಇಟ್ಟು, ಅದರ ವೋಲ್ಟೇಜನ್ನು ವೈರ್‌ನಲ್ಲಿ ಎಡಿಸಿ ಪಿನ್‌ಗೆ ಕೊಡಿ. ಪೆಟ್ಟಿಗೆಯನ್ನು ಮಾತ್ರ 25ಕ್ಕೆ ಒಮ್ಮೆ, 50ಕ್ಕೆ ಒಮ್ಮೆ ಇಟ್ಟು, ಅರ್ಧ ಗಂಟೆ ಬಿಟ್ಟು ಓದಿ. ಎರಡು ಓದುಗಳ ನಡುವೆ ನೇರ ಗೆರೆ ಎಳೆದು ತಿದ್ದಿದರೆ ನಿಮ್ಮ ಕೆಲಸಕ್ಕೆ ಸಾಕು. ಅದಕ್ಕೂ ಮುಂಚೆ ಬ್ಯಾಟರಿಯ ಡಿವೈಡರ್ ರೆಸಿಸ್ಟರ್ ನೋಡಿ. ಮೇಲೆ ಒಂದು ಜಾತಿ, ಕೆಳಗೆ ಇನ್ನೊಂದು ಜಾತಿ ಇದ್ದರೆ ಅದೇ ಓಡುತ್ತಿರಬಹುದು. ಇದನ್ನು ಬೇರ್ಪಡಿಸಲು ಡಿವೈಡರ್ ಇಲ್ಲದೆಯೇ ಎಡಿಸಿ ಪಿನ್‌ಗೆ ಕೊಡಿ ಎಂದದ್ದು. ಇನ್ನೊಂದು ವಿಷಯ, ಬಿಸಿಲಿದ್ದಾಗ ಸೋಲಾರ್ ಚಾರ್ಜ್ ಮಾಡುತ್ತಿದ್ದರೆ ಬ್ಯಾಟರಿ ವೋಲ್ಟೇಜ್ ನಿಜವಾಗಿಯೇ ಏರಿರುತ್ತದೆ.

ತುಂಗಾತೀರ ಅವರಿಗೆ ಒಂದು ಪ್ರಶ್ನೆ: ಇದನ್ನು ಬಿಡಿ ಟ್ರಾನ್ಸಿಸ್ಟರ್‌ಗಳಲ್ಲಿ ಕಟ್ಟಿ ನೋಡಬಹುದಲ್ಲ? ಬಿಸಿ547 ಒಂದು ಕಡೆ ಒಂದು, ಇನ್ನೊಂದು ಕಡೆ ಎಂಟು.

ಸುಬ್ಬಣ್ಣ_ಅನಲಾಗ್

ಭಟ್ರೇ, ಬಿಡಿ ಟ್ರಾನ್ಸಿಸ್ಟರ್‌ನಲ್ಲಿ ತತ್ವ ಕಾಣಬಹುದು, ಸಂಖ್ಯೆ ಕಾಣುವುದಿಲ್ಲ. ಎರಡು ಕಡೆಯ ಟ್ರಾನ್ಸಿಸ್ಟರ್‌ಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ವಿಬಿಇಗಳಲ್ಲಿ 1.8 ಮಿಲಿವೋಲ್ಟ್ ತಪ್ಪು, ಅದು ಹತ್ತು ಪಟ್ಟಾಗಿ ಔಟ್‌ಪುಟ್‌ನಲ್ಲಿ 18 ಮಿಲಿವೋಲ್ಟ್. ಬ್ರೆಡ್‌ಬೋರ್ಡ್ ಮೇಲೆ ಉಸಿರು ತಾಗಿದರೂ ಒಂದು ಡಿಗ್ರಿ ಸರಿಯುತ್ತದೆ. ಜೊತೆಗೆ ಒಂದೇ ಚೀಲದ ಬಿಸಿ547ಗಳಲ್ಲೇ ವಿಬಿಇ ಹಲವು ಮಿಲಿವೋಲ್ಟ್ ಬೇರೆ ಇರುತ್ತದೆ, ಇಲ್ಲಿ ಅಳೆಯಬೇಕಾದದ್ದು ಒಟ್ಟು 54 ಮಿಲಿವೋಲ್ಟ್.

ಒಂದೇ ಸಿಲಿಕಾನ್ ತುಂಡಿನ ಮೇಲಿರುವ ಜೋಡಿ ಬೇಕು. ಸಿಎ3046 ಥರದ ಐದು ಟ್ರಾನ್ಸಿಸ್ಟರ್‌ಗಳ ಅರೇ ಸಿಕ್ಕರೆ ಒಳ್ಳೆಯದು, ಅದರ 13ನೇ ಪಿನ್ ಸಬ್‌ಸ್ಟ್ರೇಟ್, ಅದನ್ನು ಎಲ್ಲಕ್ಕಿಂತ ಕೆಳಗಿನ ವೋಲ್ಟೇಜ್‌ಗೆ ಕಟ್ಟಬೇಕು. ಎಂಟು ಟ್ರಾನ್ಸಿಸ್ಟರ್ ಬೇಕಾಗಿಲ್ಲ, ಎರಡು ಸಮಾನ ಟ್ರಾನ್ಸಿಸ್ಟರ್‌ಗಳಿಗೆ ಹತ್ತಕ್ಕೆ ಒಂದರ ಕರೆಂಟ್ ಕೊಟ್ಟರೆ 59.5 ಮಿಲಿವೋಲ್ಟ್ ವ್ಯತ್ಯಾಸ ಸಿಗುತ್ತದೆ. ಎನ್‌ಪಿಎನ್ ಇರುವುದರಿಂದ ಪಾಲ್ ಬ್ರೋಕಾ 1974ರಲ್ಲಿ ತೋರಿಸಿದ ರೀತಿಯಲ್ಲಿ ಕಲೆಕ್ಟರ್‌ನಲ್ಲಿ ಹೋಲಿಸಿ. ಆಗ ಆಪ್ ಆಂಪ್‌ನ ಆಫ್‌ಸೆಟ್ ಬೇಸ್‌ಗೆ ಬರುವಾಗ ಟ್ರಾನ್ಸಿಸ್ಟರ್ ಜೋಡಿಯ ಗೇನ್‌ನಿಂದ ಭಾಗವಾಗಿ ಬರುತ್ತದೆ. ತುಂಗಾತೀರ ಅವರ ಸಿಮಾಸ್ ಪಿಎನ್‌ಪಿಯಲ್ಲಿ ಕಲೆಕ್ಟರ್ ಎಂದರೆ ಸಬ್‌ಸ್ಟ್ರೇಟ್, ಆ ಅನುಕೂಲ ಅವರಿಗಿಲ್ಲ.

ತುಂಗಾತೀರ

R2 52.2 ಮಾಡಿದೆ. ಈಗ ಮೈನಸ್ 40ರಲ್ಲಿ 1.2183, 27ರಲ್ಲಿ 1.2200, 125ರಲ್ಲಿ 1.2169. 43 ಇದ್ದದ್ದು 3.1 ಮಿಲಿವೋಲ್ಟ್‌ಗೆ ಬಂತು. ಗೆರೆ ಈಗ ಕಮಾನಿನಂತೆ ಬಾಗಿದೆ, ಎರಡೂ ತುದಿ ಕೆಳಗೆ. ಗುಣಕ ಎಷ್ಟು ಬದಲಿಸಿದರೂ ಕಮಾನು ಓರೆಯಾಗುತ್ತದೆಯೇ ಹೊರತು ನೆಟ್ಟಗಾಗುತ್ತಿಲ್ಲ.

ಸುಬ್ಬಣ್ಣ_ಅನಲಾಗ್

ನೆಟ್ಟಗಾಗುವುದಿಲ್ಲ. ವಿಬಿಇ ನಿಜಕ್ಕೂ ನೇರ ಗೆರೆ ಅಲ್ಲ, ಅದರಲ್ಲಿ ತಾಪಮಾನವನ್ನು ಅದರದೇ ಲಾಗರಿದಮ್‌ನಿಂದ ಗುಣಿಸಿದ ಒಂದು ಸಣ್ಣ ಪದ ಇದೆ. ಪಿಟ್ಯಾಟ್ ನೇರ ಗೆರೆ. ನೇರ ಗೆರೆ ಕೂಡಿಸಿ ಬಾಗು ತೆಗೆಯಲಾಗದು. ಮೊದಲ ದರ್ಜೆಯ ಬ್ಯಾಂಡ್‌ಗ್ಯಾಪ್‌ನ ಮಿತಿ ಇದು, ಈ ವ್ಯಾಪ್ತಿಗೆ 2ರಿಂದ 3 ಮಿಲಿವೋಲ್ಟ್.

ಆದರೆ ಈಗಿರುವುದಕ್ಕಿಂತ ಸ್ವಲ್ಪ ಪಡೆಯಬಹುದು. ನೀವು ಇಳಿಜಾರನ್ನು 27ರಲ್ಲಿ ಸೊನ್ನೆ ಮಾಡಿದ್ದೀರಿ, ನಿಮ್ಮ ವ್ಯಾಪ್ತಿಯ ನಡು ಇರುವುದು 42ರ ಹತ್ತಿರ. ಅದಕ್ಕೇ ಬಿಸಿ ತುದಿ ಹೆಚ್ಚು ಬಿದ್ದಿದೆ. ಎರಡು ತುದಿಗಳ ವ್ಯತ್ಯಾಸ 1.4 ಮಿಲಿವೋಲ್ಟ್, 165 ಡಿಗ್ರಿಗೆ ಹಂಚಿದರೆ 0.0085. ಇಷ್ಟು ಏರುಮುಖ ಕೊಟ್ಟರೆ ತುದಿಗಳು ಸಮ ಆಗುತ್ತವೆ. 300ರಿಂದ ಗುಣಿಸಿ: 2.5 ಮಿಲಿವೋಲ್ಟ್. ಅಂದರೆ 27 ಡಿಗ್ರಿಯಲ್ಲಿ ನಿಮ್ಮ ಗುರಿ 1.2200 ಅಲ್ಲ, 1.2225. R2 52.5 ಮಾಡಿ ನೋಡಿ.

ಆಕಾರವನ್ನು ಓದುವುದು ರೂಢಿಯಾಗಲಿ. ಒಂದೇ ಕಡೆಗೆ ಓರೆ ಇದ್ದರೆ ಗುಣಕ ತಪ್ಪು. ಎರಡೂ ತುದಿ ಕೆಳಗೆ ಬಾಗಿದ್ದರೆ ಅದು ಸಹಜ ಕರ್ವೇಚರ್. 100 ಡಿಗ್ರಿ ದಾಟಿದ ಮೇಲೆ ಮಾತ್ರ ಇದ್ದಕ್ಕಿದ್ದಂತೆ ತಿರುಗಿದರೆ ಲೀಕೇಜ್, ಅದು ತಾಪಮಾನದ ಜೊತೆ ಘಾತೀಯವಾಗಿ ಬೆಳೆಯುತ್ತದೆ. ಅದನ್ನು ಗುಣಕದಿಂದ ತಿದ್ದಲು ಹೋದರೆ ತಣ್ಣನೆಯ ಬದಿ ಹಾಳಾಗುತ್ತದೆ.

ಮೆಟಲ್_ಫೋರ್

ಲೇಔಟ್ ಕಡೆಯಿಂದ ಒಂದು ಮಾತು. ಎಂಟು ಆರಿಸಿದ್ದು ಒಳ್ಳೆಯದು, ಮೂರಕ್ಕೆ ಮೂರರ ಚೌಕದಲ್ಲಿ Q1 ನಡುವೆ, Q2ರ ಎಂಟು ಸುತ್ತ. ಸಾಧ್ಯವಿದ್ದರೆ ಸುತ್ತ ಒಂದು ಸಾಲು ಡಮ್ಮಿ ಹಾಕಿ.

ಉಳಿದದ್ದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? R2ರಲ್ಲಿ ಟ್ರಿಮ್ ಬಿಟ್ ಇಡಿ. ಚಿಪ್ ಬಂದ ಮೇಲೆ ಟೆಸ್ಟರ್‌ನಲ್ಲಿ ಕೋಣೆಯ ತಾಪಮಾನದಲ್ಲಿ 1.2225ಕ್ಕೆ ತಂದು ನಿಲ್ಲಿಸಿ. ಸುಬ್ಬಣ್ಣ ಸರ್ ಲೆಕ್ಕದ ಪ್ರಕಾರವೇ ವೋಲ್ಟೇಜ್ ಸರಿ ಬಂದರೆ ಇಳಿಜಾರೂ ಸರಿ ಬರುತ್ತದೆ.

ತುಂಗಾತೀರ

52.5ಕ್ಕೆ ಎರಡೂ ತುದಿ 1.220ರ ಹತ್ತಿರ, ಒಟ್ಟು 2.4 ಮಿಲಿವೋಲ್ಟ್, ಡಿಗ್ರಿಗೆ ಸುಮಾರು 12 ಪಿಪಿಎಂ. ಧನ್ಯವಾದ ಸರ್.

ಈಗ ನಿಜವಾದ ಆಪ್ ಆಂಪ್ ಬದಲು ಪರೀಕ್ಷೆಗೆ ಇನ್‌ಪುಟ್‌ನಲ್ಲಿ 3 ಮಿಲಿವೋಲ್ಟ್ ಆಫ್‌ಸೆಟ್ ಮಾತ್ರ ಸೇರಿಸಿದೆ. ಔಟ್‌ಪುಟ್ 1.255ಕ್ಕೆ ಹಾರಿತು. ಆದರೆ ಆಶ್ಚರ್ಯ ಏನೆಂದರೆ ಗೆರೆ ಅಷ್ಟೇನೂ ಓರೆಯಾಗಲಿಲ್ಲ. ಮೆಟಲ್_ಫೋರ್ ಹೇಳಿದಂತೆ R2 ಇಳಿಸಿ 1.2225ಕ್ಕೆ ತಂದೆ. ಆಗ ಓರೆಯಾಯಿತು! ಬಿಸಿಯಾದಂತೆ ಇಳಿಯುತ್ತದೆ.

ಸುಬ್ಬಣ್ಣ_ಅನಲಾಗ್

ಈ ದಾರದ ಮುಖ್ಯ ವಿಷಯಕ್ಕೆ ಬಂದಿರಿ. ಒಂದೇ ತಾಪಮಾನದ ಟ್ರಿಮ್ ಕೆಲಸ ಮಾಡಲು ಒಂದು ಷರತ್ತಿದೆ: ತಿದ್ದಬೇಕಾದ ತಪ್ಪು ತಾನೇ ತಾಪಮಾನಕ್ಕೆ ಅನುಪಾತವಾಗಿರಬೇಕು, ಅಂದರೆ ಸೊನ್ನೆ ಕೆಲ್ವಿನ್‌ನಲ್ಲಿ ಸೊನ್ನೆಯಾಗಬೇಕು.

ಪ್ರೋಸೆಸ್‌ನಿಂದ ಬರುವ ವಿಬಿಇ ವ್ಯತ್ಯಾಸ ಹಾಗಿದೆ. ಟ್ರಾನ್ಸಿಸ್ಟರ್‌ನ ಸ್ಯಾಚುರೇಶನ್ ಕರೆಂಟ್ 20 ಪ್ರತಿಶತ ಬೇರೆಯಾದರೆ ವಿಬಿಇ 27ರಲ್ಲಿ 4.7 ಮಿಲಿವೋಲ್ಟ್ ಸರಿಯುತ್ತದೆ, ಬಿಸಿಯಾದಂತೆ ಆ ಸರಿತವೂ ಅನುಪಾತದಲ್ಲಿ ಬೆಳೆಯುತ್ತದೆ. R1 ಮತ್ತು R2 ಅನುಪಾತದ ತಪ್ಪೂ ಹಾಗೆಯೇ. ಇವಕ್ಕೆ ಪಿಟ್ಯಾಟ್‌ನ ಟ್ರಿಮ್ ತಕ್ಕ ಮದ್ದು, ವೋಲ್ಟೇಜ್ ತಿದ್ದಿದರೆ ಇಳಿಜಾರೂ ತಿದ್ದುತ್ತದೆ.

ಆಪ್ ಆಂಪ್ ಆಫ್‌ಸೆಟ್ ಹಾಗಲ್ಲ. ಅದು ತಾಪಮಾನಕ್ಕೆ ಹೆಚ್ಚುಕಡಿಮೆ ಸ್ಥಿರ. ನಿಮ್ಮ 3 ಮಿಲಿವೋಲ್ಟ್ 10.7 ಪಟ್ಟಾಗಿ (ಗುಣಕಕ್ಕೆ ಒಂದು ಕೂಡಿಸಬೇಕು) 32 ಮಿಲಿವೋಲ್ಟ್ ಆಗಿ ಗೆರೆಯನ್ನು ಮೇಲಕ್ಕೆತ್ತಿತು, ಓರೆ ಮಾಡಲಿಲ್ಲ. ಆ ಸ್ಥಿರ ತಪ್ಪನ್ನು ನೀವು ಪಿಟ್ಯಾಟ್ ಕಡಿಮೆ ಮಾಡಿ ತಿದ್ದಿದಿರಿ. 32 ಭಾಗಿಸು 300, ಡಿಗ್ರಿಗೆ ಸುಮಾರು 0.1 ಮಿಲಿವೋಲ್ಟ್ ಇಳಿಕೆ, 165 ಡಿಗ್ರಿಗೆ 17 ಮಿಲಿವೋಲ್ಟ್. 12 ಪಿಪಿಎಂ ಇದ್ದ ಸರ್ಕ್ಯೂಟ್ 80ರ ಮೇಲೆ ಹೋಯಿತು. ಕೋಣೆಯ ತಾಪಮಾನದಲ್ಲಿ ಮಾತ್ರ ಅಳೆಯುವ ಟೆಸ್ಟರ್‌ಗೆ ಇದು ಕಾಣುವುದೇ ಇಲ್ಲ, 1.2225 ನೋಡಿ ಪಾಸ್ ಮಾಡುತ್ತದೆ.

ಆದ್ದರಿಂದ ಟ್ರಿಮ್‌ಗೆ ಮೊದಲು ಆಫ್‌ಸೆಟ್ ಕಡಿಮೆ ಮಾಡಬೇಕು. ಇನ್‌ಪುಟ್ ಜೋಡಿಯ ವಿಸ್ತೀರ್ಣ ನಾಲ್ಕು ಪಟ್ಟು ಮಾಡಿದರೆ ಮಿಸ್‌ಮ್ಯಾಚ್ ಅರ್ಧವಾಗುತ್ತದೆ. ಲೋಡ್ ಟ್ರಾನ್ಸಿಸ್ಟರ್‌ಗಳನ್ನೂ ಮರೆಯಬೇಡಿ. Q2ವನ್ನು 24 ಮಾಡಿದರೆ, ಐದಕ್ಕೆ ಐದರ ಚೌಕ, ವಿಬಿಇ ವ್ಯತ್ಯಾಸ 82 ಮಿಲಿವೋಲ್ಟ್‌ಗೆ ಏರಿ ಗುಣಕ 6.3ಕ್ಕೆ ಇಳಿಯುತ್ತದೆ. ಅದೇ 3 ಮಿಲಿವೋಲ್ಟ್ ಆಗ 32 ಬದಲು 22 ಆಗಿ ಬರುತ್ತದೆ.

ಮೆಟಲ್_ಫೋರ್

ಒಪ್ಪಿದೆ, ನನ್ನ ಮಾತು ಆಫ್‌ಸೆಟ್ ಇಲ್ಲದಿದ್ದರೆ ಮಾತ್ರ ಸರಿ. ಆದರೆ 24ಕ್ಕೆ ಹೋದರೆ ಜಾಗ ಮೂರು ಪಟ್ಟು, ಸಿಗುವುದು ಮೂರನೇ ಒಂದು ಭಾಗ. ನಾನಾದರೆ ಆಪ್ ಆಂಪ್‌ಗೆ ಚಾಪರ್ ಹಾಕುತ್ತೇನೆ. ಇನ್‌ಪುಟ್ ಎರಡನ್ನೂ ಗಡಿಯಾರದ ಜೊತೆ ಅದಲುಬದಲು ಮಾಡಿದರೆ ಆಫ್‌ಸೆಟ್ ಸರಾಸರಿಯಲ್ಲಿ ಹೋಗಿಬಿಡುತ್ತದೆ, ಸ್ವಿಚ್‌ಗಳು ತೆಗೆದುಕೊಳ್ಳುವ ಜಾಗ ಏನೂ ಅಲ್ಲ.

ಸುಬ್ಬಣ್ಣ_ಅನಲಾಗ್

ಹೋಗುವುದು ಸರಾಸರಿಯಲ್ಲಿ ಮಾತ್ರ. ಔಟ್‌ಪುಟ್‌ನಲ್ಲಿ ಅದೇ 32 ಮಿಲಿವೋಲ್ಟ್ ಮೇಲೆ ಕೆಳಗೆ ಚೌಕ ಅಲೆಯಾಗಿ ಕೂರುತ್ತದೆ, ಅದಕ್ಕೆ ಫಿಲ್ಟರ್ ಬೇಕು, ಫಿಲ್ಟರ್‌ನ ಕೆಪಾಸಿಟರ್ ಜಾಗ ತಿನ್ನುತ್ತದೆ, ಔಟ್‌ಪುಟ್ ನೆಲೆಗೊಳ್ಳುವುದೂ ನಿಧಾನ. ನಿದ್ದೆಯಿಂದ ಎದ್ದು ಒಂದು ಅಳತೆ ಮಾಡಿ ಮತ್ತೆ ಮಲಗುವ ಚಿಪ್‌ಗೆ ಚಾಪರ್ ಬೇಡ ಎನ್ನುವವನು ನಾನು.

ಮೆಟಲ್_ಫೋರ್

ಎಡಿಸಿಯೇ ಚಾಪರ್‌ನ ಎರಡು ಅರ್ಧಗಳಲ್ಲಿ ಒಂದೊಂದು ಓದು ತೆಗೆದು ಸರಾಸರಿ ಮಾಡಿದರೆ ಫಿಲ್ಟರ್ ಬೇಕಿಲ್ಲ. ಅವರ ಚಿಪ್‌ನಲ್ಲಿ ಎಡಿಸಿ ಇದೆಯೋ ಇಲ್ಲವೋ ಹೇಳಿಲ್ಲ. ಇದ್ದರೆ ನನ್ನ ಆಯ್ಕೆ ಈಗಲೂ ಚಾಪರ್.

ಬ್ರೆಡ್‌ಬೋರ್ಡ್_ಭಟ್

ನಡುವೆ ಸ್ಟಾರ್ಟಪ್ ಬಗ್ಗೆ ಯಾರೂ ಹೇಳಲಿಲ್ಲ. ಐಡಿಯಲ್ ಆಪ್ ಆಂಪ್ ಇದ್ದಾಗ ಕಾಣುವುದಿಲ್ಲ. ಔಟ್‌ಪುಟ್ ಅರ್ಧ ವೋಲ್ಟ್‌ಗಿಂತ ಕೆಳಗಿದ್ದರೆ ಎರಡೂ ಪಿಎನ್‌ಪಿ ಆಫ್, R2ರಲ್ಲಿ ಕರೆಂಟ್ ಇಲ್ಲ, ಆಪ್ ಆಂಪ್‌ನ ಎರಡೂ ಇನ್‌ಪುಟ್ ಒಂದೇ ವೋಲ್ಟೇಜ್‌ನಲ್ಲಿ. ಅದಕ್ಕೆ ತಿದ್ದಲು ಏನೂ ಕಾಣುವುದಿಲ್ಲ. ಆಗ ಮೇಲೇಳಬೇಕೋ ಅಲ್ಲೇ ಕೂರಬೇಕೋ ಎಂಬುದನ್ನು ಆಫ್‌ಸೆಟ್‌ನ ಚಿಹ್ನೆ ನಿರ್ಧರಿಸುತ್ತದೆ. ಮೈನಸ್ 40ರಲ್ಲಿ ವಿಬಿಇ ಎಲ್ಲಕ್ಕಿಂತ ಹೆಚ್ಚು, ಅಲ್ಲೇ ಸಿಕ್ಕಿಕೊಳ್ಳುವುದು. ಬಿಸಿಯಲ್ಲಿ ಲೀಕೇಜ್ ತಾನೇ ಎಬ್ಬಿಸಿ ತಪ್ಪನ್ನು ಮುಚ್ಚಿಡುತ್ತದೆ. ಆದ್ದರಿಂದ ಡಿಸಿ ಸ್ವೀಪ್ ನಂಬಬೇಡಿ. ಸಪ್ಲೈಯನ್ನು ಸೊನ್ನೆಯಿಂದ ಒಮ್ಮೆ 10 ಮೈಕ್ರೊಸೆಕೆಂಡ್‌ನಲ್ಲಿ, ಒಮ್ಮೆ 10 ಮಿಲಿಸೆಕೆಂಡ್‌ನಲ್ಲಿ ಏರಿಸಿ, ಎರಡೂ ಚಿಹ್ನೆಯ ಆಫ್‌ಸೆಟ್ ಇಟ್ಟು ಟ್ರಾನ್ಸಿಯೆಂಟ್ ಓಡಿಸಿ.

ತುಂಗಾತೀರ

ಭಟ್ ಸರ್, ಓಡಿಸಿದೆ. ಮೈನಸ್ 40ರಲ್ಲಿ ಒಂದು ಚಿಹ್ನೆಗೆ ಏಳಲೇ ಇಲ್ಲ. ಸ್ಟಾರ್ಟಪ್ ಸೇರಿಸಿದ್ದೇನೆ, ಔಟ್‌ಪುಟ್ ಎದ್ದ ಮೇಲೆ ಅದರ ಕರೆಂಟ್ ಪೂರ್ತಿ ನಿಲ್ಲುತ್ತದೆಯೇ ಎಂಬುದನ್ನೂ 125ರಲ್ಲಿ ನೋಡಿದೆ, ನಿಲ್ಲುತ್ತದೆ.

ನಿಜವಾದ ಆಪ್ ಆಂಪ್ ಹಾಕಿ, ಇನ್‌ಪುಟ್ ಜೋಡಿ ದೊಡ್ಡದು ಮಾಡಿ, R2 ಮತ್ತೆ ಹೊಂದಿಸಿ 1.2225ಕ್ಕೆ ತಂದಿದ್ದೆ. ಈಗ ಲೇಔಟ್ ಮುಗಿಸಿ ಪ್ಯಾರಸಿಟಿಕ್ ತೆಗೆದು ಓಡಿಸಿದರೆ 27ರಲ್ಲಿ 1.2140. 8.5 ಮಿಲಿವೋಲ್ಟ್ ಕಡಿಮೆ. ತುದಿಗಳು ಇನ್ನೂ ಹೆಚ್ಚುಕಡಿಮೆ ಸಮವಾಗಿಯೇ ಇವೆ. ಮೆಟಲ್ ರೆಸಿಸ್ಟೆನ್ಸ್ ಎಂದುಕೊಂಡು R1 ಸುತ್ತ ವಯಾ ಜಾಸ್ತಿ ಹಾಕುತ್ತಿದ್ದೇನೆ.

ಸುಬ್ಬಣ್ಣ_ಅನಲಾಗ್

ವಯಾ ಹಾಕುವ ಮುಂಚೆ ನಿಮ್ಮದೇ ಸಂಖ್ಯೆಯನ್ನು ಕೇಳಿ ನೋಡಿ. R1 ದಾರಿಯಲ್ಲಿ ಹೆಚ್ಚುವರಿ ರೆಸಿಸ್ಟೆನ್ಸ್ ಸೇರಿದ್ದರೆ ಅನುಪಾತ ಕಡಿಮೆಯಾಗುತ್ತದೆ, ಅದು ಪಿಟ್ಯಾಟ್ ತಪ್ಪು. 8.5 ಭಾಗಿಸು 300, ಡಿಗ್ರಿಗೆ 0.028, 165 ಡಿಗ್ರಿಗೆ 4.7 ಮಿಲಿವೋಲ್ಟ್ ಓರೆ ಕಾಣಬೇಕಿತ್ತು. ಅಷ್ಟು ತಪ್ಪಾಗಲು R1ಗೆ ಸುಮಾರು 90 ಓಂ ಸೇರಬೇಕು, ಅದೂ ಬಹಳ ಆಯಿತು. ನಿಮ್ಮ ತುದಿಗಳು ಸಮ ಇವೆ ಎನ್ನುತ್ತೀರಿ. ಹಾಗಾದರೆ ತಪ್ಪು ಸ್ಥಿರವಾದದ್ದು, 8.5 ಭಾಗಿಸು 10.7, ಆಪ್ ಆಂಪ್ ಇನ್‌ಪುಟ್‌ನಲ್ಲಿ 0.8 ಮಿಲಿವೋಲ್ಟ್ ಆಫ್‌ಸೆಟ್. ಲೇಔಟ್‌ನಿಂದ ಹುಟ್ಟಿದ ಅಸಮತೆ ಆಪ್ ಆಂಪ್ ಒಳಗಿದೆ.

ಮೆಟಲ್_ಫೋರ್

ಲೋಡ್ ಮಿರರ್‌ನ ಎರಡು ಸೋರ್ಸ್‌ಗಳಿಗೆ ಸಪ್ಲೈ ಗೆರೆ ಒಂದರ ನಂತರ ಒಂದು ಹೋಗುತ್ತಿದೆಯೇ, ಅಥವಾ ನಡುವಿನಿಂದ ಎರಡಕ್ಕೂ ಸಮವಾಗಿ ಕವಲೊಡೆದಿದೆಯೇ ನೋಡಿ. ಇನ್‌ಪುಟ್ ಜೋಡಿಯ ಒಂದು ಟ್ರಾನ್ಸಿಸ್ಟರ್ ಮಾತ್ರ ವೆಲ್ ಅಂಚಿಗೆ ಹತ್ತಿರ ಇದ್ದರೂ ಥ್ರೆಶೋಲ್ಡ್ ಇಷ್ಟು ಸರಿಯಬಹುದು. ನನಗೆ ಎರಡನೆಯದರ ಮೇಲೆ ಅನುಮಾನ ಹೆಚ್ಚು.

ಸುಬ್ಬಣ್ಣ_ಅನಲಾಗ್

ನನಗೆ ಮೊದಲನೆಯದರ ಮೇಲೆ. ತುಂಗಾತೀರ, ಎಕ್ಸ್‌ಟ್ರಾಕ್ಟ್ ಮಾಡಿದ ನೆಟ್‌ಲಿಸ್ಟ್‌ನಲ್ಲಿ ಆಪ್ ಆಂಪ್‌ನ ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನೇ ತಾಪಮಾನದ ಎದುರು ಬಿಡಿಸಿ ಹಾಕಿ. ಆಮೇಲೆ ರೆಸಿಸ್ಟೆನ್ಸ್ ಬಿಟ್ಟು ಕೆಪಾಸಿಟನ್ಸ್ ಮಾತ್ರ ತೆಗೆದು ಮತ್ತೆ ಓಡಿಸಿ. 0.8 ಮಾಯವಾದರೆ ಸಪ್ಲೈ ಗೆರೆ, ಉಳಿದರೆ ವೆಲ್ ಅಂಚು.

ಹೊಲದ_ಸೆನ್ಸರ್

ಭಟ್ ಸರ್, ಡಿವೈಡರ್ ಇಲ್ಲದೆ ನೇರ ಕೊಟ್ಟಾಗ 25ಕ್ಕೂ 50ಕ್ಕೂ ಓದು ಬಹುತೇಕ ಒಂದೇ ಬಂತು. ಡಿವೈಡರ್‌ನ ಮೇಲಿನ ರೆಸಿಸ್ಟರ್ ಹಳೆಯ ಕಾರ್ಬನ್ ಫಿಲ್ಮ್, ಕೆಳಗಿನದು ಮೆಟಲ್ ಫಿಲ್ಮ್. ಎರಡನ್ನೂ ಮೆಟಲ್ ಫಿಲ್ಮ್ ಮಾಡಿ ನೋಡುತ್ತೇನೆ.

ತುಂಗಾತೀರ

ಸುಬ್ಬಣ್ಣ ಸರ್, ಕೆಪಾಸಿಟನ್ಸ್ ಮಾತ್ರ ಇಟ್ಟು ಓಡಿಸಿದೆ. 0.8 ಇದ್ದದ್ದು 0.5 ಆಯಿತು, ಪೂರ್ತಿ ಹೋಗಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇದೆ ಅನಿಸುತ್ತದೆ. ಸಪ್ಲೈ ಗೆರೆಯನ್ನು ಮೊದಲು ಸಮ ಮಾಡಿ, ಆಮೇಲೆ ವೆಲ್ ಅಂಚನ್ನು ದೂರ ಸರಿಸಿ, ಒಂದೊಂದಾಗಿ ಓಡಿಸಿ ಸಂಖ್ಯೆ ಹಾಕುತ್ತೇನೆ.